ಪಾಠ ಯೋಜನೆ: ನಮ್ಮ ನಲ್ಲಿಯ ನೀರು ಎಲ್ಲಿಂದ ಬಂತು?

ಮೇಡಂ, ನಮಸ್ಕಾರ. "ಒಂದು ಪಾಠ ಯೋಜನೆ ಮಾಡಿಕೊಡಿ" ಎಂದಷ್ಟೇ ಹೇಳಿ ಕಳಿಸಿದ್ದೀರಿ. ಯಾವ ತರಗತಿ, ಯಾವ ವಿಷಯ, ಎಷ್ಟು ಹೊತ್ತು, ಎಷ್ಟು ಮಕ್ಕಳು, ಏನು ಕಲಿಯಬೇಕು ಎಂಬುದು ತಿಳಿಯಲಿಲ್ಲ. ನಿಮಗೆ ಮೂರು ಸಲ ಫೋನ್ ಮಾಡಿದೆ, ಸಿಗಲಿಲ್ಲ. ಸೋಮವಾರ ಪಾಠ ನಿಲ್ಲಬಾರದು, ಅದಕ್ಕೆ ನಾನೇ ಹೀಗೆ ಇಟ್ಟುಕೊಂಡಿದ್ದೇನೆ: 5ನೇ ತರಗತಿ, ಪರಿಸರ ಅಧ್ಯಯನ, 40 ನಿಮಿಷದ ಒಂದು ಪಿರಿಯಡ್, 30 ಮಕ್ಕಳು.

ಕಲಿಕಾ ಫಲ: ಕಾವೇರಿ ನೀರು ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ, ಅದನ್ನು ಮೇಲಕ್ಕೆ ಎತ್ತಿ ತರಬೇಕು ಎಂಬುದನ್ನು ಮಗು ತನ್ನ ಮಾತಿನಲ್ಲಿ ಕಾರಣ ಸಮೇತ ಹೇಳಬೇಕು. ಇದೊಂದು ಬಂದರೆ ಸಾಕು.

ಬೇಕಾದದ್ದು: ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು ಎರಡು ಮೀಟರ್, ಬಣ್ಣ ಬೆರೆಸಿದ ನೀರು, ಕರ್ನಾಟಕದ ಭೂಪಟ.

ಮೊದಲ 8 ನಿಮಿಷ: "ಇವತ್ತು ಬೆಳಿಗ್ಗೆ ನಿಮ್ಮನೆಗೆ ನೀರು ಹೇಗೆ ಬಂತು?" ನಲ್ಲಿ, ಬೋರ್‌ವೆಲ್, ಟ್ಯಾಂಕರ್, ಬೀದಿ ಕೊಳಾಯಿ ಎಂದು ಬೋರ್ಡಿನಲ್ಲಿ ಬರೆದು, ಕೈ ಎತ್ತಿಸಿ ಎಣಿಸುವುದು. ಟ್ಯಾಂಕರ್ ನೀರಿನ ಮನೆಯ ಮಗುವಿಗೆ ಮುಜುಗರವಾಗದಂತೆ ಟೀಚರ್ ಮೊದಲು ತಮ್ಮ ಮನೆಯದನ್ನೇ ಹೇಳಲಿ.

ಮುಂದಿನ 17 ನಿಮಿಷ ಪಾಠದ ಜೀವ, ಇದಕ್ಕೆ ಅವಸರ ಬೇಡ. ಎಲ್ಲರೂ ವರಾಂಡಕ್ಕೆ. ಪೈಪಿಗೆ ಅರ್ಧದಷ್ಟು ನೀರು ತುಂಬಿ, ಗುಳ್ಳೆ ಇಲ್ಲದಂತೆ ನೋಡಿ, ಎರಡೂ ತುದಿಗಳನ್ನು ಇಬ್ಬರು ಮಕ್ಕಳ ಕೈಗೆ ಕೊಡುವುದು. ಒಬ್ಬರು ತುದಿಯನ್ನು ನಿಧಾನ ಮೇಲೆತ್ತಲಿ. ತುದಿ ಮೇಲೆ ಹೋದರೂ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಇನ್ನೊಂದು ತುದಿಯನ್ನು ಆ ಮಟ್ಟಕ್ಕಿಂತ ಕೆಳಗಿಳಿಸಿದರೆ ನೀರು ಚೆಲ್ಲುತ್ತದೆ. ಚೆಲ್ಲಲಿ ಬಿಡಿ, ಮಕ್ಕಳು ಮರೆಯುವುದಿಲ್ಲ. "ಹಾಗಾದರೆ ಕೆಳಗಿನ ಕಾವೇರಿ ಮೇಲಿನ ಬೆಂಗಳೂರಿಗೆ ಹೇಗೆ ಬಂದಳು?" ಎಂದು ಕೇಳಿ ಸುಮ್ಮನಿರುವುದು. ಉತ್ತರ ಅವರ ಬಾಯಿಂದಲೇ ಬರಬೇಕು.

ಮುಂದಿನ 10 ನಿಮಿಷ ಭೂಪಟ: ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಕೇಂದ್ರಗಳನ್ನು ಗುರುತಿಸುವುದು. ದೂರ ಸುಮಾರು 100 ಕಿ.ಮೀ., ಎತ್ತುವ ಎತ್ತರ ಸುಮಾರು 500 ಮೀಟರ್. ಮಹಡಿಗೆ 3 ಮೀಟರ್‌ನಂತೆ ಎಷ್ಟು ಮಹಡಿ ಎಂದು ಮಕ್ಕಳೇ ಭಾಗಿಸಲಿ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಮೊದಲ ಹಂತ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಇಸವಿಗಳನ್ನು ಬಾಯಿಪಾಠ ಮಾಡಿಸುವುದು ಬೇಡ.

ಕೊನೆಯ 5 ನಿಮಿಷ ಮೌಲ್ಯಮಾಪನ: "ಕರೆಂಟ್ ಹೋಗಿ ಪಂಪ್ ನಿಂತರೆ ನಲ್ಲಿ ಏನಾಗುತ್ತದೆ, ಏಕೆ?" ಎಂದು ಕೇಳಿ ಎರಡು ಸಾಲು ಬರೆಸುವುದು. "ಏಕೆ" ಬರೆಯದವರಿಗೆ ಮರುದಿನ ಪೈಪು ಮತ್ತೆ ಕೈಗೆ.

ಮನೆಕೆಲಸ: ಅಜ್ಜಿಯನ್ನೋ ಅಕ್ಕಪಕ್ಕದ ಹಿರಿಯರನ್ನೋ "ನೀವು ಚಿಕ್ಕವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದಿರಿ?" ಎಂದು ಕೇಳಿ ಬರುವುದು.

ನಿಮ್ಮ ಮನಸ್ಸಿನಲ್ಲಿದ್ದದ್ದು ನಲಿ-ಕಲಿ ಮಕ್ಕಳಾದರೆ ಭೂಪಟ ಬಿಟ್ಟು ಪೈಪಿನ ಆಟ ಮಾತ್ರ ಇಡುತ್ತೇನೆ. ಬೇರೆ ವಿಷಯವೇ ಆದರೆ ಹೊಸದಾಗಿ ಬರೆಯಬೇಕು. ತರಗತಿ ಮತ್ತು ವಿಷಯ, ಇವೆರಡನ್ನು ಶನಿವಾರ ಮಧ್ಯಾಹ್ನದೊಳಗೆ ತಿಳಿಸಿ ಮೇಡಂ.