ಕ್ರಿಯಾಪದ ಬಿಡಿಸೋಣ: 8ನೇ ತರಗತಿ, ಚಿಕ್ಕಮಗಳೂರು

ಮೊದಲು ಒಂದನ್ನು ಜೊತೆಯಲ್ಲೇ ಮಾಡೋಣ.

ಅಮ್ಮ ಕಾಫಿ ಹಣ್ಣು ಕೊಯ್ದು ಕಣದಲ್ಲಿ ಹರಡುತ್ತಿದ್ದಾರೆ.

ಕೊಯ್ದು: ಇಲ್ಲಿಗೇ ನಿಲ್ಲಿಸಿದರೆ ಮಾತು ಮುಗಿಯುವುದಿಲ್ಲ, ಅಲ್ವಾ? ಅದು ಅಪೂರ್ಣ ರೂಪ.
ಹರಡುತ್ತಿದ್ದಾರೆ: ಪೂರ್ಣ ರೂಪ. ‘ಹರಡು’ ಮುಖ್ಯ ಕ್ರಿಯೆ, ‘ಇರು’ ಸಹಾಯಕ ಕ್ರಿಯೆ. ಏನನ್ನು ಹರಡುತ್ತಿದ್ದಾರೆ? ಹಣ್ಣನ್ನು. ಉತ್ತರ ಸಿಕ್ಕಿತು, ಆದ್ದರಿಂದ ಸಕರ್ಮಕ.

ಈಗ ನೀವು ಬಿಡಿಸಿ:

1. ಮುಳ್ಳಯ್ಯನಗಿರಿಯ ಮೇಲೆ ಮಂಜು ಕವಿಯಿತು.
2. ಬೇಲೂರಿನ ಬಸ್ಸು ಹೊರಟುಹೋಯಿತು.
3. ಅಜ್ಜಿ ಕಡುಬು ಬೇಯಿಸಿಟ್ಟರು.
4. ತಮ್ಮ ಹಾಲು ಚೆಲ್ಲಿದ, ಹಾಲು ಚೆಲ್ಲಿತು.

ಎರಡನೆಯದರಲ್ಲಿ ‘ಹೋಗು’ ಸಹಾಯಕ, ಸುಮ್ನೆ ಮುಖ್ಯ ಕ್ರಿಯೆ ಅಂತ ಬರೆಯಬೇಡಿ. ನಾಲ್ಕನೆಯದು ನನಗೆ ತುಂಬಾ ಇಷ್ಟ: ಕ್ರಿಯೆ ಒಂದೇ, ಒಮ್ಮೆ ಸಕರ್ಮಕ, ಒಮ್ಮೆ ಅಕರ್ಮಕ. ಯಾವುದು ಯಾವುದು, ಯಾಕೆ ಅಂತ ಬರೆಯಿರಿ.