ರಘು–ನಂದಿನಿಗೆ ಶುಭ ಹಾರೈಸುತ್ತಾ

ಹಿರಿಯರೇ, ಎರಡೂ ಮನೆಯ ಬಂಧುಗಳೇ, ಗೆಳೆಯರೇ, ಎಲ್ಲರಿಗೂ ನಮಸ್ಕಾರ. ನಾನು ಪ್ರಕಾಶ. ರಘುವೂ ನಾನೂ ಒಂದನೇ ತರಗತಿಯಿಂದ ಸ್ನೇಹಿತರು. ನಮ್ಮಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ ಟೀಚರಿಗೆ ನಾನು ಇವತ್ತಿಗೂ ಋಣಿ.

ಹುಡುಗಿಯ ಕಡೆಯವರಿಗೆ ಮೊದಲೇ ಒಂದು ಎಚ್ಚರಿಕೆ ಕೊಡಬೇಕು. ನಿಮ್ಮ ಮನೆಯ ಮಿಕ್ಸರ್ ಸ್ವಲ್ಪ ಸದ್ದು ಮಾಡುತ್ತಿದ್ದರೆ ದಯವಿಟ್ಟು ಅಳಿಯನ ಮುಂದೆ ಹೇಳಬೇಡಿ. ಹೇಳಿದರೆ ಐದು ನಿಮಿಷದೊಳಗೆ ಅದು ಬಿಡಿಬಿಡಿಯಾಗಿ ನೆಲದ ಮೇಲೆ ಹರಡಿರುತ್ತದೆ, ನಡುವೆ ಇವನು ಚಕ್ಕಳಮಕ್ಕಳ ಹಾಕಿ ಕುಳಿತಿರುತ್ತಾನೆ. ಚಿಕ್ಕಂದಿನಲ್ಲಿ ಇವರ ಮನೆಯ ಗಡಿಯಾರ, ಟಾರ್ಚು, ರೇಡಿಯೊ ಎಲ್ಲವೂ ಇವನ ಕೈಯಲ್ಲಿ ಬಿಚ್ಚಿಸಿಕೊಂಡಿವೆ. ಮತ್ತೆ ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿದೇ ಉಳಿಯುತ್ತಿದ್ದವು. ‘ಅವು ಮೊದಲಿನಿಂದಲೂ ಹೆಚ್ಚಿನವೇ’ ಎಂದು ಗಂಭೀರವಾಗಿ ಹೇಳುತ್ತಿದ್ದ. ತಂಗಿಯ ಮಾತಾಡುವ ಬೊಂಬೆಯನ್ನು ರಿಪೇರಿ ಮಾಡಿದ್ದೂ ಇವನೇ. ಅಲ್ಲಿಯವರೆಗೆ ಗುಂಡಿ ಒತ್ತಿದರೆ ಮಾತಾಡುತ್ತಿದ್ದ ಬೊಂಬೆ, ಅಂದಿನಿಂದ ನಡುರಾತ್ರಿ ತಾನಾಗಿಯೇ ಮಾತಾಡತೊಡಗಿತು. ಇವನ ಅಜ್ಜಿ ಮನೆಯಲ್ಲಿ ಶಾಂತಿ ಮಾಡಿಸಬೇಕೆಂದು ಹಟ ಹಿಡಿದಿದ್ದರು!

ಆದರೆ ಕೆಟ್ಟ ವಸ್ತುವನ್ನು ಎತ್ತಿ ಎಸೆದದ್ದನ್ನು ನಾನು ಕಂಡಿಲ್ಲ. ಅದು ಸರಿಯಾಗುವ ತನಕ ಅದರ ಪಕ್ಕದಿಂದ ಏಳುವುದಿಲ್ಲ. ಮನುಷ್ಯರ ವಿಷಯದಲ್ಲೂ ಇವನು ಹಾಗೆಯೇ. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ಅನೇಕರು ಬಂದರು, ಧೈರ್ಯ ಹೇಳಿ ಹೋದರು. ಅದೂ ದೊಡ್ಡ ಉಪಕಾರವೇ. ರಘು ಏನೂ ಹೇಳಲಿಲ್ಲ, ಹೋಗಲೂ ಇಲ್ಲ. ಅಪ್ಪನ ಕನ್ನಡಕದ ಕಡ್ಡಿ ಸಡಿಲವಾಗಿರುವುದು ಅವನ ಕಣ್ಣಿಗೆ ಬಿತ್ತು. ಅದನ್ನು ಬಿಗಿ ಮಾಡಿ, ಒರೆಸಿ, ದಿಂಬಿನ ಪಕ್ಕ ಇಟ್ಟ. ಬೆಳಿಗ್ಗೆ ಅಮ್ಮನನ್ನು ಮನೆಗೆ ಬಿಟ್ಟು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತ. ಅಪ್ಪ ಈಗ ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತು, ಅದೇ ಕನ್ನಡಕದಿಂದ ನಿಮ್ಮಿಬ್ಬರನ್ನೂ ನೋಡುತ್ತಿದ್ದಾರೆ.

ಇನ್ನು ಕೊಡೆಯ ಕಥೆ. ರಘು–ನಂದಿನಿ ಪರಿಚಯವಾದ ಹೊಸತರಲ್ಲಿ ನಂದಿನಿಯವರ ಕೊಡೆಯ ಕಡ್ಡಿ ಮುರಿಯಿತು. ‘ಕೊಡಿ, ನಾಳೆಯೇ ಸರಿಮಾಡಿ ತರುತ್ತೇನೆ’ ಎಂದ ಇವನು. ಆ ನಾಳೆ ಬರಲು ಒಂದು ಇಡೀ ಮಳೆಗಾಲ ಬೇಕಾಯಿತು. ರೇಡಿಯೊವನ್ನು ಒಂದೇ ಮಧ್ಯಾಹ್ನದಲ್ಲಿ ಸರಿಮಾಡುವವನಿಗೆ ಒಂದು ಕೊಡೆ ಅಷ್ಟು ಕಷ್ಟವಾಯಿತೇ? ಪ್ರತಿ ವಾರವೂ ಅವರನ್ನು ಕಂಡು, ‘ಒಂದು ಬಿಡಿಭಾಗ ಬರಬೇಕಾಗಿದೆ’ ಎಂದು ವರದಿ ಒಪ್ಪಿಸುತ್ತಿದ್ದ. ಕೊಡೆ ಮೊದಲ ದಿನವೇ ಸರಿಯಾಗಿ ಇವನ ಕಪಾಟಿನಲ್ಲಿ ಕುಳಿತಿತ್ತು, ಅದು ನನಗೆ ಗೊತ್ತಿತ್ತು. ನನಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯನ್ನು ನಂದಿನಿಯವರು ಮೊನ್ನೆ ಹೇಳಿದರು: ಅವರ ಚೀಲದಲ್ಲಿ ಆಗಲೇ ಇನ್ನೊಂದು ಕೊಡೆ ಇತ್ತಂತೆ. ವಿಚಾರಿಸುವ ನೆಪ ತಪ್ಪಿಹೋಗಬಾರದೆಂದು ಅದನ್ನು ಹೊರಗೆ ತೆಗೆಯದೆ ನೆನೆದುಕೊಂಡೇ ಓಡಾಡಿದರಂತೆ! ಈ ಜೋಡಿ ಚೆನ್ನಾಗಿ ಕೂಡಿದೆ ಎನ್ನಲು ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ನಂದಿನಿ, ನಿಮಗೊಂದು ಮಾತು. ಇವನ ಬಾಯಲ್ಲಿ ದೊಡ್ಡ ದೊಡ್ಡ ಪ್ರೀತಿಯ ಮಾತು ಸುಲಭವಾಗಿ ಬರುವುದಿಲ್ಲ. ನೀವು ಏಳುವ ಮೊದಲೇ ನಿಮ್ಮ ಸ್ಕೂಟರಿನ ಬ್ರೇಕು ನೋಡಿಟ್ಟಿರುತ್ತಾನೆ, ಚಕ್ರಕ್ಕೆ ಗಾಳಿ ತುಂಬಿಸಿರುತ್ತಾನೆ. ಅದನ್ನು ಕಂಡಾಗ, ಅವನು ಹೇಳಿದ್ದಾನೆ ಎಂದೇ ತಿಳಿಯಿರಿ. ನೀವು ಬಂದ ಮೇಲೆ ಇವನು ನಗುವುದು ಹೆಚ್ಚಾಗಿದೆ. ಇಷ್ಟು ವರ್ಷ ಜೊತೆಗಿದ್ದ ನನಗೆ ಅದು ಚೆನ್ನಾಗಿ ಕಾಣುತ್ತಿದೆ, ಅದಕ್ಕಾಗಿ ನಿಮಗೆ ಮನಸಾರೆ ವಂದನೆ.

ರಘು, ನಿನಗೂ ಒಂದು ಮಾತಿದೆ. ನಂದಿನಿ ಸಂಜೆ ದಣಿದು ಬಂದು ಅಂದಿನ ಕಷ್ಟ ಹೇಳಿಕೊಂಡರೆ ತಕ್ಷಣ ರಿಪೇರಿಗೆ ಇಳಿಯಬೇಡ. ಸ್ಕ್ರೂಡ್ರೈವರ್ ಕೆಳಗಿಟ್ಟು ಪೂರ್ತಿ ಕೇಳಿಸಿಕೋ. ನನ್ನ ಪಕ್ಕದಲ್ಲಿ ಆ ರಾತ್ರಿ ಹೇಗೆ ಸುಮ್ಮನೆ ಕುಳಿತಿದ್ದೆಯೋ ಹಾಗೆಯೇ ಕುಳಿತುಕೋ. ನಿನಗೆ ಅದು ಬರುತ್ತದೆ, ನಾನು ನೋಡಿದ್ದೇನೆ.

ಈಗ ಎಲ್ಲರೂ ನಿಮ್ಮ ನಿಮ್ಮ ಲೋಟ ಎತ್ತಿಕೊಳ್ಳಿ. ಬರೀ ನೀರಿದ್ದರೂ ಸರಿ. ಮಕ್ಕಳೇ, ನೀವೂ ಎತ್ತಿ, ಚೆಲ್ಲಿದರೆ ಯಾರೂ ಬೈಯುವುದಿಲ್ಲ. ಇವರ ಮನೆಯಲ್ಲಿ ನಗು ತುಂಬಿರಲಿ, ಆರೋಗ್ಯವಿರಲಿ, ನಮ್ಮೆಲ್ಲರಿಗೂ ಅಲ್ಲಿ ಬಾಗಿಲು ತೆರೆದಿರಲಿ. ರಘು ಮತ್ತು ನಂದಿನಿಗೆ, ನೂರು ಕಾಲ!