ಕೌಟುಂಬಿಕ ಕಾನೂನು: ವಿಚ್ಛೇದನ ಮತ್ತು ಜೀವನಾಂಶದ ತೌಲನಿಕ ಟಿಪ್ಪಣಿ

ಮೊದಲು ಒಂದು ಪ್ರಶ್ನೆ. ಕರಾವಳಿಯ ಯಾವ ಊರಲ್ಲಾದರೂ ನಡೆಯಬಹುದಾದದ್ದು.

ಗಂಡ ಕೆಲಸಕ್ಕೆಂದು ದುಬೈಗೆ ಹೋಗಿ ಎರಡೂವರೆ ವರ್ಷವಾಗಿದೆ. ಮೊದಲ ಮೂರು ತಿಂಗಳು ಹಣ ಕಳಿಸಿದ, ಆಮೇಲೆ ನಿಲ್ಲಿಸಿದ. ಒಂದು ವರ್ಷ ಎಂಟು ತಿಂಗಳ ಹಿಂದೆ ಹೆಂಡತಿಯ ಅಣ್ಣನಿಗೆ ವಾಟ್ಸಾಪ್ ಮಾಡಿದ: "ನಾನು ಇನ್ನು ವಾಪಸ್ ಬರಲ್ಲ, ಅವಳು ಅವಳ ದಾರಿ ನೋಡಿಕೊಳ್ಳಲಿ." ಅವನ ವಿಳಾಸ ಎಲ್ಲರಿಗೂ ಗೊತ್ತು. ಹೆಂಡತಿ ತವರಿನಲ್ಲಿದ್ದಾಳೆ, ದುಡಿಮೆ ಇಲ್ಲ. ಅವಳು ಹಿಂದೂ ಲಕ್ಷ್ಮಿಯಾದರೆ, ಮುಸ್ಲಿಂ ಫಾತಿಮಾ ಆದರೆ, ಕ್ರೈಸ್ತ ಮೇರಿಯಾದರೆ ಇವತ್ತೇ ವಿಚ್ಛೇದನ ಕೇಳಬಹುದೇ? ಜೀವನಾಂಶ ಸಿಗುತ್ತದೆಯೇ?

ಗಂಡ ಅದೇ, ನಡತೆ ಅದೇ. ಆದರೂ ಮೂವರ ಉತ್ತರ ಒಂದೇ ಅಲ್ಲ. ಪರೀಕ್ಷೆಯಲ್ಲಿ ತೌಲನಿಕ ಪ್ರಶ್ನೆಗೆ ಹಿಂದೂ ಕಾಯ್ದೆ ಒಂದು ಪುಟ, ಮುಸ್ಲಿಂ ಕಾಯ್ದೆ ಒಂದು ಪುಟ ಎಂದು ಪಟ್ಟಿ ಬರೆದರೆ ಹೋಲಿಕೆಯೇ ಕಾಣುವುದಿಲ್ಲ. ಒಂದೊಂದೇ ಆಧಾರ ಹಿಡಿದು ಎಲ್ಲ ಕಾನೂನುಗಳನ್ನೂ ಅದರ ಮುಂದೆ ನಿಲ್ಲಿಸಬೇಕು. ಈ ಟಿಪ್ಪಣಿ ಇರುವುದು ಹಾಗೆಯೇ.

ಯಾವ ಕಾಯ್ದೆಗಳು

ಹಿಂದೂಗಳಿಗೆ (ಬೌದ್ಧ, ಜೈನ, ಸಿಖ್ಖರೂ ಸೇರಿ) ಹಿಂದೂ ವಿವಾಹ ಕಾಯ್ದೆ 1955, ಕಲಂ 13. ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆ 1869, ಕಲಂ 10. ಪಾರ್ಸಿಗಳಿಗೆ 1936ರ ಕಾಯ್ದೆ, ಕಲಂ 32. ವಿಶೇಷ ವಿವಾಹ ಕಾಯ್ದೆ 1954ರಡಿ ಮದುವೆಯಾದವರಿಗೆ ಧರ್ಮ ಯಾವುದೇ ಇರಲಿ, ಕಲಂ 27. ಮುಸ್ಲಿಮರಲ್ಲಿ ಎರಡು ದಾರಿ. ಕೋರ್ಟಿನ ಹೊರಗೆ ಗಂಡ ಕೊಡುವ ತಲಾಕ್, ಹೆಂಡತಿ ಕೇಳಿ ಪಡೆಯುವ ಖುಲಾ, ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರತ್ ಇವೆ. ಹೆಂಡತಿಗೆ ಕೋರ್ಟಿನ ದಾರಿ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ, ಕಲಂ 2. ಈ 1939ರ ಕಾಯ್ದೆ ಹೆಂಡತಿಗೆ ಮಾತ್ರ. ಗಂಡ ಅದರಡಿ ಅರ್ಜಿ ಹಾಕುವಂತಿಲ್ಲ. ಸುಮಾರು ಜನ ಇದನ್ನು ಬರೆಯುವುದೇ ಇಲ್ಲ.

ಬಿಟ್ಟು ಹೋಗುವುದು

ಹಿಂದೂ, ಕ್ರೈಸ್ತ, ಪಾರ್ಸಿ, ವಿಶೇಷ ವಿವಾಹ, ಈ ನಾಲ್ಕರಲ್ಲೂ ಪರಿತ್ಯಾಗ ಒಂದು ಆಧಾರ. ಅವಧಿ ಎರಡು ವರ್ಷ. ಆದರೆ ದೂರ ಇದ್ದ ಮಾತ್ರಕ್ಕೆ ಪರಿತ್ಯಾಗ ಆಗುವುದಿಲ್ಲ. ಬಿಪಿನ್‌ಚಂದ್ರ ವಿರುದ್ಧ ಪ್ರಭಾವತಿ (1957) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಅಂಶ ಹೇಳಿತು: ಬೇರೆ ಇರುವುದು, ಜೊತೆಗೆ ಸಂಬಂಧವನ್ನೇ ಮುಗಿಸುವ ಉದ್ದೇಶ. ಕೆಲಸಕ್ಕೆಂದು ವಿಮಾನ ಹತ್ತಿದ ದಿನ ಆ ಉದ್ದೇಶ ಇರಲಿಲ್ಲ. ಹಾಗಾಗಿ ಎರಡು ವರ್ಷದ ಲೆಕ್ಕ ಆ ದಿನದಿಂದ ಶುರುವಾಗುವುದಿಲ್ಲ.

ಮುಸ್ಲಿಂ ಕಾಯ್ದೆಯಲ್ಲಿ ಪರಿತ್ಯಾಗ ಎಂಬ ಪದವೇ ಇಲ್ಲ. ಅದರ ಬದಲು ಮೂರು ಬೇರೆ ಬೇರೆ ಆಧಾರಗಳಿವೆ. ಗಂಡನ ಸುಳಿವೇ ಇಲ್ಲದೆ ನಾಲ್ಕು ವರ್ಷ. ಜೀವನಾಂಶ ಕೊಡದೆ ಎರಡು ವರ್ಷ. ಸಕಾರಣವಿಲ್ಲದೆ ದಾಂಪತ್ಯದ ಕರ್ತವ್ಯ ನಡೆಸದೆ ಮೂರು ವರ್ಷ. ಎರಡನೆಯದರಲ್ಲಿ ಗಂಡನ ಉದ್ದೇಶ ಏನು ಅಂತ ಹುಡುಕುವ ಕೆಲಸವೇ ಇಲ್ಲ. ಯೂಸುಫ್ ವಿರುದ್ಧ ಸೌರಮ್ಮ (1971) ಪ್ರಕರಣದಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಬಿಡಿಸಿ ಹೇಳಿದರು: ಎರಡು ವರ್ಷ ಕೊಟ್ಟಿಲ್ಲ ಎಂಬ ಸಂಗತಿಯೇ ಸಾಕು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಹೋಲಿಕೆಯ ಅಂಶ ಇಲ್ಲ. 'ಹಿಂದುಳಿದದ್ದು' ಅಂತ ಸುಮ್ನೆ ತಳ್ಳಿಬಿಡುವ ಕಾನೂನು ಇಲ್ಲಿ ಹೆಂಡತಿಗೆ ಉಳಿದವಕ್ಕಿಂತ ಸಲೀಸು.

ಏಳು ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು ಹಿಂದೂ, ಕ್ರೈಸ್ತ, ವಿಶೇಷ ವಿವಾಹ ಕಾಯ್ದೆಗಳ ಆಧಾರ. ಮುಸ್ಲಿಂ ಹೆಂಡತಿಗೆ ನಾಲ್ಕೇ ವರ್ಷ. ಆದರೆ ಆ ಆಧಾರದ ಮೇಲೆ ಕೋರ್ಟ್ ಕೊಡುವ ವಿಚ್ಛೇದನದ ಡಿಕ್ರಿ ಆರು ತಿಂಗಳು ಜಾರಿಗೆ ಬರುವುದಿಲ್ಲ. ಅಷ್ಟರಲ್ಲಿ ಗಂಡ ಬಂದು, ಸಂಸಾರ ನಡೆಸಲು ಸಿದ್ಧ ಎಂದು ಕೋರ್ಟಿಗೆ ತೃಪ್ತಿಯಾಗುವಂತೆ ಹೇಳಿದರೆ ಡಿಕ್ರಿ ರದ್ದು.

ಕ್ರೌರ್ಯ

ಎಲ್ಲ ಕಾನೂನುಗಳಲ್ಲೂ ಇದೆ. ವ್ಯತ್ಯಾಸ ಇರುವುದು ಭಾಷೆಯಲ್ಲಿ. ಹಿಂದೂ ಕಾಯ್ದೆ ಕ್ರೌರ್ಯ ಅಂದರೇನು ಅಂತ ಹೇಳುವುದಿಲ್ಲ, ಅದನ್ನು ಕೋರ್ಟಿಗೆ ಬಿಟ್ಟಿದೆ. ನೋಡಬೇಕಾದ ತೀರ್ಪುಗಳು: ದಾಸ್ತಾನೆ (1975), ಮಾನಸಿಕ ಕ್ರೌರ್ಯಕ್ಕೆ ವಿ. ಭಗತ್ (1994), ಉದಾಹರಣೆಗಳ ದೊಡ್ಡ ಪಟ್ಟಿಗೆ ಸಮರ್ ಘೋಷ್ (2007). 1976ರ ತಿದ್ದುಪಡಿಗೆ ಮೊದಲು ಹಿಂದೂಗಳಲ್ಲಿ ಕ್ರೌರ್ಯಕ್ಕೆ, ಮದುವೆ ಮುರಿಯದೆ ಬೇರೆ ಇರಲು ಬಿಡುವ ನ್ಯಾಯಿಕ ಪ್ರತ್ಯೇಕತೆ ಮಾತ್ರ ಸಿಗುತ್ತಿತ್ತು, ವಿಚ್ಛೇದನ ಅಲ್ಲ. ಕ್ರೈಸ್ತ ಕಾಯ್ದೆಯಲ್ಲಿ ಇನ್ನೂ ಹಳೆಯ ಅಳತೆ ಉಳಿದಿದೆ: ಜೊತೆಗೆ ಬಾಳಿದರೆ ಹಾನಿಯಾದೀತು ಎಂಬ ಸಕಾರಣ ಭಯ ಹುಟ್ಟಬೇಕು. 1939ರ ಕಾಯ್ದೆ ಸ್ವತಃ ಪಟ್ಟಿ ಕೊಡುತ್ತದೆ. ಪದೇ ಪದೇ ಹೊಡೆಯುವುದು, ಅವಳ ಆಸ್ತಿ ಮಾರುವುದು, ಧರ್ಮಾಚರಣೆಗೆ ಅಡ್ಡಿ, ಒಬ್ಬಳಿಗಿಂತ ಜಾಸ್ತಿ ಹೆಂಡತಿಯರಿದ್ದರೆ ಸಮನಾಗಿ ನೋಡಿಕೊಳ್ಳದಿರುವುದು ಅದರಲ್ಲಿವೆ.

ವ್ಯಭಿಚಾರ, ಮತಾಂತರ, ಉಳಿದವು

ಹಿಂದೂ ಕಾಯ್ದೆಯಲ್ಲಿ ಈಗ ವ್ಯಭಿಚಾರದ ಒಂದೇ ಕೃತ್ಯ ಸಾಕು. ಕ್ರೈಸ್ತರಲ್ಲಿ 2001ರವರೆಗೆ ಗಂಡನಿಗೆ ಒಂದು ಅಳತೆ, ಹೆಂಡತಿಗೆ ಇನ್ನೊಂದು. ಗಂಡ ಬರೀ ವ್ಯಭಿಚಾರ ತೋರಿಸಿದರೆ ಆಯಿತು. ಹೆಂಡತಿ ಅದರ ಜೊತೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತು ಮಾಡಬೇಕಿತ್ತು. ಕೇರಳ ಹೈಕೋರ್ಟಿನ ಪೂರ್ಣ ಪೀಠ ಅಮ್ಮಿಣಿ ಪ್ರಕರಣದಲ್ಲಿ (1995) ಈ ತಾರತಮ್ಯವನ್ನು ಹೊಡೆದುಹಾಕಿತು. ಸಂಸತ್ತು 2001ರಲ್ಲಿ ತಿದ್ದಿತು. 1939ರ ಕಾಯ್ದೆಯಲ್ಲಿ ವ್ಯಭಿಚಾರ ಪ್ರತ್ಯೇಕ ಆಧಾರವಲ್ಲ. ಕೆಟ್ಟ ಹೆಸರಿನ ಹೆಂಗಸರ ಸಹವಾಸ ಕ್ರೌರ್ಯದೊಳಗೆ ಬರುತ್ತದೆ. ಗಂಡ ಸುಳ್ಳು ವ್ಯಭಿಚಾರದ ಆರೋಪ ಹೊರಿಸಿದರೆ, ಅದೇ ಕಾರಣಕ್ಕೆ ಹೆಂಡತಿ ಬಿಡುಗಡೆ ಕೇಳುವ 'ಲಿಯಾನ್' ಇದೆ. ಜೋಸೆಫ್ ಶೈನ್ (2018) ತೀರ್ಪು ವ್ಯಭಿಚಾರವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು, ವಿಚ್ಛೇದನದ ಆಧಾರದ ಪಟ್ಟಿಯಿಂದಲ್ಲ.

ಹಿಂದೂ ಗಂಡನೋ ಹೆಂಡತಿಯೋ ಮತಾಂತರವಾದರೆ ಮದುವೆ ತಾನಾಗಿ ಮುರಿಯುವುದಿಲ್ಲ. ಮತಾಂತರವಾಗದೆ ಉಳಿದವರು ಅರ್ಜಿ ಹಾಕಬಹುದು, ಅಷ್ಟೇ. ಇಸ್ಲಾಂಗೆ ಸೇರಿ ಎರಡನೇ ಮದುವೆಯಾದ ಹಿಂದೂ ಗಂಡಂದಿರ ಆಟಕ್ಕೆ ಸರಳಾ ಮುದ್ಗಲ್ (1995) ತಡೆ ಹಾಕಿತು. ಮುಸ್ಲಿಂ ಹೆಂಡತಿ ಮತ ಬಿಟ್ಟರೂ ಅಷ್ಟರಿಂದಲೇ ಮದುವೆ ಮುಗಿಯುವುದಿಲ್ಲ (1939ರ ಕಾಯ್ದೆ, ಕಲಂ 4).

ಸನ್ಯಾಸ ಹಿಂದೂ ಕಾಯ್ದೆಯಲ್ಲಿ ಮಾತ್ರ. ಏಳು ವರ್ಷದ ಜೈಲು ಶಿಕ್ಷೆ ಮುಸ್ಲಿಂ, ಪಾರ್ಸಿ, ವಿಶೇಷ ವಿವಾಹ ಕಾಯ್ದೆಗಳಲ್ಲಿದೆ. ಹಿಂದೂ, ಕ್ರೈಸ್ತ ಕಾಯ್ದೆಗಳಲ್ಲಿಲ್ಲ. ಕುಷ್ಠರೋಗವನ್ನು 2019ರ ತಿದ್ದುಪಡಿ ತೆಗೆದುಹಾಕಿದೆ. ಹಳೆಯ ಗೈಡ್ ನೋಡಿ ಅದನ್ನು ಬರೆದರೆ ಮೌಲ್ಯಮಾಪಕರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಒಪ್ಪಿಗೆಯಿಂದ ಬಿಡುಗಡೆ

ಹಿಂದೂ ಕಾಯ್ದೆ ಕಲಂ 13ಬಿ, ವಿಶೇಷ ವಿವಾಹ ಕಾಯ್ದೆ ಕಲಂ 28: ಒಂದು ವರ್ಷ ಬೇರೆ ಇರಬೇಕು, ಅರ್ಜಿಯಾದ ಮೇಲೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ ಅಮರ್‌ದೀಪ್ ಸಿಂಗ್ (2017) ಹೇಳಿತು. ಕ್ರೈಸ್ತರಿಗೆ ಕಲಂ 10ಎ ಎರಡು ವರ್ಷ ಎನ್ನುತ್ತದೆ. ಅದನ್ನು ಒಂದು ವರ್ಷ ಅಂತ ಓದಬೇಕೆಂದು ಕೇರಳ ಹೈಕೋರ್ಟ್ ಸೌಮ್ಯಾ ಆನ್ ಥಾಮಸ್ (2010) ಪ್ರಕರಣದಲ್ಲಿ ಹೇಳಿತು. ನಮ್ಮ ಕರ್ನಾಟಕ ಹೈಕೋರ್ಟ್ ಶಿವಕುಮಾರ್ (2014) ಪ್ರಕರಣದಲ್ಲಿ ಅದೇ ನಿಲುವು ತಳೆಯಿತು. ಮುಬಾರತ್‌ಗೆ ಇಂಥ ಕಾಯುವ ಅವಧಿ ಇಲ್ಲ.

ಗಂಡನ ಏಕಪಕ್ಷೀಯ ಅಧಿಕಾರ ತಲಾಕ್‌ನಲ್ಲಿ ಮಾತ್ರ ಉಳಿದಿದೆ, ಅದೂ ಕಡಿವಾಣದೊಳಗೆ. ಸಕಾರಣ ಇರಬೇಕು, ಮೊದಲು ರಾಜಿ ಯತ್ನ ಆಗಬೇಕು (ಶಮೀಮ್ ಆರಾ, 2002). ಒಂದೇ ಉಸಿರಿನ ಮೂರು ತಲಾಕ್ ಶಾಯರಾ ಬಾನು (2017) ತೀರ್ಪಿನಿಂದ ಬಿತ್ತು. 2019ರ ಕಾಯ್ದೆಯಡಿ ಅದಕ್ಕೆ ಮೂರು ವರ್ಷದವರೆಗೆ ಜೈಲು. ಹಿಂತೆಗೆದುಕೊಳ್ಳಲು ಸಮಯ ಇರುವ ತಲಾಕ್-ಎ-ಅಹ್ಸನ್, ತಲಾಕ್-ಎ-ಹಸನ್ ಈ ಕಾಯ್ದೆಯೊಳಗೆ ಬರುವುದಿಲ್ಲ. 'ತಲಾಕ್ ನಿಷೇಧ' ಅಂತ ಬರೆದವರು ಇಲ್ಲೇ ಎಡವುತ್ತಾರೆ.

ಸರಿಪಡಿಸಲಾಗದಷ್ಟು ಮುರಿದ ಮದುವೆ ಈ ಯಾವ ಕಾಯ್ದೆಯಲ್ಲೂ ಆಧಾರವಲ್ಲ. ಶಿಲ್ಪಾ ಶೈಲೇಶ್ (2023) ಪ್ರಕಾರ ಸುಪ್ರೀಂ ಕೋರ್ಟ್ ಮಾತ್ರ ಸಂವಿಧಾನದ 142ನೇ ವಿಧಿಯಡಿ ಹಾಗೆ ಬಿಡುಗಡೆ ಕೊಡಬಹುದು. ಕುಟುಂಬ ನ್ಯಾಯಾಲಯಕ್ಕೆ ಆ ಅಧಿಕಾರ ಇಲ್ಲ.

ಜೀವನಾಂಶ: ಯಾರು ಕೇಳಬಹುದು?

ಹಿಂದೂ ಕಾಯ್ದೆಯ ಕಲಂ 24 (ದಾವೆ ನಡೆಯುವಾಗ) ಮತ್ತು 25 (ಶಾಶ್ವತ) ಇಬ್ಬರಿಗೂ ತೆರೆದಿವೆ. ಗಂಡನೂ ಕೇಳಬಹುದು. ಪಾರ್ಸಿಗಳಲ್ಲೂ ಹಾಗೆಯೇ. ಕ್ರೈಸ್ತ ಕಾಯ್ದೆಯ 36, 37 ಮತ್ತು ವಿಶೇಷ ವಿವಾಹ ಕಾಯ್ದೆಯ 36, 37 ಹೆಂಡತಿಗೆ ಮಾತ್ರ. ಕ್ರೈಸ್ತರಲ್ಲಿ ಮಧ್ಯಂತರ ಜೀವನಾಂಶಕ್ಕೆ ಗಂಡನ ಆದಾಯದ ಐದನೇ ಒಂದು ಭಾಗದ ಮಿತಿ ಇತ್ತು, 2001ರಲ್ಲಿ ಹೋಯಿತು. ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲದ ಅನೂರ್ಜಿತ ಮದುವೆಯಲ್ಲೂ ಹಿಂದೂ ಕಾಯ್ದೆಯ ಕಲಂ 25 ಅನ್ವಯಿಸುತ್ತದೆ ಅಂತ ಸುಖದೇವ್ ಸಿಂಗ್ ವಿರುದ್ಧ ಸುಖಬೀರ್ ಕೌರ್ (2025) ತೀರ್ಪು ಬಂದಿದೆ. ಹಿಂದೂ ಹೆಂಡತಿಗೆ ಇನ್ನೊಂದು ಬಾಗಿಲೂ ಇದೆ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಕಲಂ 18ರಡಿ, ವಿಚ್ಛೇದನ ಕೇಳದೆಯೇ ಬೇರೆ ಇದ್ದು ಜೀವನಾಂಶ ಪಡೆಯಬಹುದು.

ಇವುಗಳ ಮೇಲೆ ಎಲ್ಲ ಧರ್ಮದವರಿಗೂ ಸೇರಿದ ದಾರಿ: ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144. ಮರುಮದುವೆಯಾಗದ ವಿಚ್ಛೇದಿತೆಯೂ ಇಲ್ಲಿ 'ಹೆಂಡತಿ'. ವ್ಯಭಿಚಾರದಲ್ಲಿ ಬಾಳುತ್ತಿದ್ದರೆ, ಕಾರಣವಿಲ್ಲದೆ ಗಂಡನ ಜೊತೆ ಇರಲು ಒಪ್ಪದಿದ್ದರೆ, ಪರಸ್ಪರ ಒಪ್ಪಿಗೆಯಿಂದ ಬೇರೆ ಇದ್ದರೆ ಸಿಗುವುದಿಲ್ಲ.

ಮುಸ್ಲಿಂ ವಿಚ್ಛೇದಿತೆಯ ಕಥೆ ಈ ಕಲಂ 125ರ ಸುತ್ತಲೇ ಬೆಳೆದದ್ದು. ಶಾ ಬಾನು ಪ್ರಕರಣದಲ್ಲಿ ಹೈಕೋರ್ಟ್ ತಿಂಗಳಿಗೆ 179 ರೂಪಾಯಿ 20 ಪೈಸೆ ಕೊಡಿಸಿತ್ತು. ಅದರ ವಿರುದ್ಧ ಗಂಡ ಸುಪ್ರೀಂ ಕೋರ್ಟಿಗೆ ಹೋಗಿ 1985ರಲ್ಲಿ ಸೋತ. ಮರುವರ್ಷವೇ ಮುಸ್ಲಿಂ ವಿಚ್ಛೇದಿತೆಯರ ಬಗ್ಗೆ 1986ರ ಕಾಯ್ದೆ ಬಂತು. ವಿಚ್ಛೇದನದ ನಂತರ ಹೆಂಡತಿ ಮರುಮದುವೆಯಾಗದೆ ಕಾಯಬೇಕಾದ ಇದ್ದತ್ ಅವಧಿಯೊಳಗೆ 'ನ್ಯಾಯಯುತ ಏರ್ಪಾಡು ಮತ್ತು ಜೀವನಾಂಶ' ಅಂತ ಬರೆಯಿತು. ಇದ್ದತ್ ಮುಗಿದರೆ ಹೊಣೆ ಮುಗಿಯಿತು ಅಂತ ಗಂಡಂದಿರು ವಾದಿಸಿದರು. ಡೇನಿಯಲ್ ಲತೀಫಿ (2001) ಕಾಯ್ದೆಯನ್ನು ಉಳಿಸಿಕೊಂಡೇ ಆ ವಾದವನ್ನು ತಿರುಗಿಸಿತು: ಏರ್ಪಾಡು ಮಾಡಬೇಕಾದದ್ದು ಇದ್ದತ್ ಒಳಗೆ, ಆದರೆ ಅದು ಅವಳ ಮುಂದಿನ ಬದುಕಿಗೂ ಸಾಲುವಂತಿರಬೇಕು. 2024ರ ಜುಲೈ 10ರಂದು ಮೊಹಮ್ಮದ್ ಅಬ್ದುಲ್ ಸಮದ್ ವಿರುದ್ಧ ತೆಲಂಗಾಣ ರಾಜ್ಯ ತೀರ್ಪು ಬಂತು. 1986ರ ಕಾಯ್ದೆಯ ಜೊತೆಗೆ ಕಲಂ 125ರ ಹಕ್ಕೂ ಇದೆ ಅಂತ ಅದು ಹೇಳಿತು.

ಮೊತ್ತದ ವಿಷಯಕ್ಕೆ ರಜನೀಶ್ ವಿರುದ್ಧ ನೇಹಾ (2020) ಒಂದೇ ಸಾಕು. ಇಬ್ಬರೂ ಆಸ್ತಿ, ಸಾಲದ ಪ್ರಮಾಣಪತ್ರ ಕೊಡಬೇಕು. ಅರ್ಜಿ ಹಾಕಿದ ದಿನದಿಂದ ಜೀವನಾಂಶ ಕೊಡಿಸಬೇಕು. ಎರಡು ಕಾಯ್ದೆಗಳಡಿ ಸಿಕ್ಕರೆ ಒಂದನ್ನು ಇನ್ನೊಂದರಲ್ಲಿ ಹೊಂದಿಸಬೇಕು.

ದುಬೈ ಗಂಡನಿಗೆ ಉತ್ತರ

ಫಾತಿಮಾ: ಹಣ ನಿಂತು ಎರಡು ವರ್ಷ ಮೂರು ತಿಂಗಳು. 1939ರ ಕಾಯ್ದೆಯ ಕಲಂ 2(ii) ಪೂರ್ತಿಯಾಗಿದೆ, ಇವತ್ತೇ ಅರ್ಜಿ ಹಾಕಬಹುದು. ವಿಳಾಸ ಗೊತ್ತಿರುವುದರಿಂದ ನಾಲ್ಕು ವರ್ಷದ ಆಧಾರ ಬರುವುದಿಲ್ಲ. ಕರ್ತವ್ಯಲೋಪದ ಮೂರು ವರ್ಷ ಇನ್ನೂ ತುಂಬಿಲ್ಲ.

ಲಕ್ಷ್ಮಿ ಮತ್ತು ಮೇರಿ: ಬಿಟ್ಟುಬಿಡುವ ಉದ್ದೇಶಕ್ಕೆ ನೇರ ಸಾಕ್ಷ್ಯ ಅಂದರೆ ವಾಟ್ಸಾಪ್ ಸಂದೇಶ. ಅದಕ್ಕೆ ಒಂದು ವರ್ಷ ಎಂಟು ತಿಂಗಳಷ್ಟೇ. ಹಣ ನಿಲ್ಲಿಸಿದ ದಿನವೇ ಆ ಉದ್ದೇಶ ಇತ್ತು ಅಂತ ವಾದಿಸಬಹುದು. ಕೋರ್ಟ್ ಒಪ್ಪಿದರೆ ಅವಧಿ ತುಂಬಿದೆ, ಒಪ್ಪದಿದ್ದರೆ ನಾಲ್ಕು ತಿಂಗಳು ಕಡಿಮೆ. ಹಾಗಾಗಿ ಪರ್ಯಾಯವಾಗಿ ಕ್ರೌರ್ಯವನ್ನೂ ಅರ್ಜಿಯಲ್ಲಿ ಸೇರಿಸಬೇಕು. ಲಕ್ಷ್ಮಿಗೆ ಮಾನಸಿಕ ಕ್ರೌರ್ಯ ಸ್ವಲ್ಪ ಸುಲಭ. ಮೇರಿ ಹಾನಿಯ ಸಕಾರಣ ಭಯವನ್ನು ತೋರಿಸಬೇಕು.

ಜೀವನಾಂಶಕ್ಕೆ ಮೂವರೂ ಕಾಯಬೇಕಿಲ್ಲ. ಕಲಂ 144ಕ್ಕೆ ವಿಚ್ಛೇದನದ ಅರ್ಜಿಯೇ ಬೇಡ. ಗಂಡನಿಗೆ ಶಕ್ತಿ ಇದ್ದೂ ನಿರ್ಲಕ್ಷಿಸಿದ್ದಾನೆ, ತಮಗೆ ಸಾಕಿಕೊಳ್ಳುವ ದಾರಿ ಇಲ್ಲ ಅಂತ ತೋರಿಸಿದರೆ ಸಾಕು. ಅರ್ಜಿಯನ್ನು ಗಂಡ ಇರುವಲ್ಲಿ ಹಾಕಬೇಕೆಂದಿಲ್ಲ, ತವರೂರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು. ದಾವೆ ಶುರುವಾದ ಮೇಲೆ ಲಕ್ಷ್ಮಿ ಕಲಂ 24ರಡಿ, ಮೇರಿ ಕಲಂ 36ರಡಿ ಮಧ್ಯಂತರ ಜೀವನಾಂಶವನ್ನೂ ದಾವೆಯ ಖರ್ಚನ್ನೂ ಕೇಳಬಹುದು. 1939ರ ಕಾಯ್ದೆಯಲ್ಲಿ ಅಂಥ ಕಲಂ ಇಲ್ಲ. ಹಾಗಾಗಿ ಫಾತಿಮಾ ಕಲಂ 144ರ ಅರ್ಜಿಯಲ್ಲೇ ಮಧ್ಯಂತರ ಆದೇಶ ಕೇಳಬೇಕು.